ಬಾವಿ ಹಗ್ಗದ ಕಾಸು

ಪಕ್ಕದ ಫ್ಲಾಟಿನ ಮೇಷ್ಟ್ರು ಬೆಳಿಗ್ಗೆ ಬಾಲ್ಕನಿಯಿಂದ ಇಣುಕಿ, "ಏನ್ರೀ, ಚದರಡಿಗೆ ನಾಲ್ಕೇ ರೂಪಾಯಿ ಅಂದ್ರು, ಬಿಲ್ಲು ನೋಡಿದ್ರೆ 6,750 ಇದೆಯಲ್ಲ!" ಅಂದರು. ಅವರು ಗುಣಿಸಿದ್ದು ಮನೆಯೊಳಗಿನ ಕಾರ್ಪೆಟ್ ಏರಿಯಾ, 1,050 ಅಡಿಗೆ. ಸಂಘ ಗುಣಿಸಿದ್ದು ಸೂಪರ್ ಬಿಲ್ಟಪ್ 1,500ಕ್ಕೆ. ಮೆಟ್ಟಿಲು, ಲಾಬಿ, ಲಿಫ್ಟಿನ ಗುಂಡಿ ಎಲ್ಲದರಲ್ಲೂ ನಮ್ಮ ಪಾಲುಂಟಂತೆ. ಅಲ್ಲಿಗೆ ಆರು ಸಾವಿರ ಆಯಿತು. ಸಿಂಕಿಂಗ್ ಫಂಡು ಅಡಿಗೆ ಐವತ್ತು ಪೈಸೆ, 750. ಕಾಲಿಡುವ ಜಾಗಕ್ಕೆ ಲೆಕ್ಕ ಹಾಕಿದರೆ ಅಡಿಗೆ ಆರೂವರೆ ರೂಪಾಯಿಯ ಹತ್ತಿರ ಬಂತು, ಅಲ್ವಾ?

ಫ್ಲಾಟು ಮಾರುವಾಗ ಬಿಲ್ಡರ್ ಹೇಳಿದ್ದು ಅಡಿಗೆ ಎರಡೂವರೆ. ಆಗ ಲಿಫ್ಟೂ ಹೊಸದು, ಮೋಟರೂ ಹೊಸದು, ಎಲ್ಲಕ್ಕೂ ವಾರಂಟಿ. ಮದುವೆಯ ಹೊಸದರಲ್ಲಿ ಖರ್ಚು ಕಮ್ಮಿ ಅಂದ ಹಾಗೆ!

ನಮ್ಮ ಈಜುಕೊಳದ್ದು ಇನ್ನೊಂದು ಕಥೆ. ಕ್ಲೋರಿನ್, ಪಂಪಿನ ಕರೆಂಟು, ಕಾಯುವವನ ಸಂಬಳ ಸೇರಿ ತಿಂಗಳಿಗೆ 36,000. ಅರವತ್ತು ಮನೆಗೆ ಹಂಚಿದರೆ ತಲಾ 600, ಆ ನಾಲ್ಕು ರೂಪಾಯಿಯೊಳಗೇ ಅಡಗಿ ಕೂತಿದೆ. ಮುನ್ನೂರು ಮನೆಯ ಕಾಂಪ್ಲೆಕ್ಸಾಗಿದ್ದರೆ ಇದೇ ಕೊಳಕ್ಕೆ 120 ಆಗುತ್ತಿತ್ತು. ನಾನಂತೂ ಅದಕ್ಕೆ ಕಾಲೂ ಅದ್ದಿದವನಲ್ಲ. ದಿನಾ ತಪ್ಪದೆ ಮೀಯುವುದು ಎರಡು ಕಾಗೆ.

ಚಿಕ್ಕಂದಿನಲ್ಲಿ ನಾವಿದ್ದ ವಠಾರಕ್ಕೆಲ್ಲ ಒಂದೇ ಬಾವಿ. ಓನರಜ್ಜಿ ತಿಂಗಳಿಗೆ ಮನೆಗೆ ನಾಲ್ಕಾಣೆ "ಹಗ್ಗದ ಕಾಸು" ಅಂತ ಇಸಕೊಂಡು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದರು. "ಹಗ್ಗ ಗಟ್ಟಿ ಇದೆಯಲ್ಲಜ್ಜಿ" ಅಂದರೆ, "ಕಡಿದ ದಿನ ನೀನಿರ್ತೀಯೇನೋ ಇಲ್ಲಿ?" ಅನ್ನೋರು. ಆಗ ಅದು ಜಿಪುಣತನ ಅನ್ನಿಸುತ್ತಿತ್ತು.

ಹಿಂದೊಮ್ಮೆ ನಮ್ಮ ಕಮಿಟಿ, ಬಿಲ್ಲು ಇಳಿಸಿದ ಪುಣ್ಯ ಕಟ್ಟಿಕೊಳ್ಳೋಣ ಅಂತ ಮೂರು ವರ್ಷ ಸಿಂಕಿಂಗ್ ಫಂಡನ್ನೇ ಕೈಬಿಟ್ಟಿತ್ತು. ಮನೆಗೆ 27,000 ಉಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ! ಹೋದ ಮಳೆಗಾಲ ತಾರಸಿ ಸೋರಿತು, ಲಿಫ್ಟಿನ ಹಗ್ಗ ಸವೆದಿದೆ ಅಂತ ಮೆಕ್ಯಾನಿಕ್ ತಲೆಯಾಡಿಸಿದ. ಒಟ್ಟು 18 ಲಕ್ಷ, ಮನೆಗೆ 30,000, ಹದಿನೈದು ದಿನದಲ್ಲಿ ಕಟ್ಟಿ ಅಂದರು. ಸಿಂಕಿಂಗ್ ಫಂಡೂ ಮತ್ತೆ ಶುರುವಾಯಿತು. ಚಪ್ಪಾಳೆ ತಟ್ಟಿದವರಲ್ಲಿ ನಾಲ್ವರು ಅಷ್ಟರಲ್ಲಿ ಫ್ಲಾಟು ಮಾರಿ ಹೋಗಿದ್ದರು. ಅವರು ಹತ್ತಿಳಿದ ಲಿಫ್ಟಿಗೆ ದಂಡ ತೆತ್ತವರು ಹೊಸಬರು. ಅವರಲ್ಲೊಬ್ಬರು ಈ ಮೇಷ್ಟ್ರು!

ಅಜ್ಜಿಯ ಹಗ್ಗದ ಕಾಸಿನ ಕಥೆ ಹೇಳಿ, ಕೊಳ್ಳುವಾಗ ದರ ಕೇಳಿದಿರಿ, ಸಿಂಕಿಂಗ್ ಫಂಡಿನ ಎಫ್‌ಡಿಯಲ್ಲಿ ಎಷ್ಟಿದೆ ಅಂತ ಕೇಳಬೇಕಿತ್ತು ಮೇಷ್ಟ್ರೇ ಅಂದೆ. ಅವರು ಬಿಲ್ಲು ಮಡಚಿ ಜೇಬಿಗಿಟ್ಟು, "ಆ ಅಜ್ಜಿ ಈಗೆಲ್ಲಿದ್ದಾರೋ, ನಮ್ಮ ಖಜಾಂಚಿ ಮಾಡಬಹುದಿತ್ತು" ಅಂತ ಒಳಗೆ ಹೋದರು.