ಕಿರಿಯವರು ಬಿದ್ದ ಮೇಲೆ

ಕರಡಚ್ಚು ತಿದ್ದುವವನ ಕೈಗೆ ಕೆಂಪು ಲೇಖನಿ ಬಂದೊಡನೆ ಅವನಲ್ಲಿ ಒಂದು ಬಗೆಯ ಸರ್ವಜ್ಞತ್ವವು ಆವಿರ್ಭವಿಸುವುದುಂಟು. ತಲೆಕೆಳಗಾಗಿ ಕುಳಿತ ಮೊಳೆಯನ್ನು ನೆಟ್ಟಗೆ ಮಾಡಿ, ಉದುರಿಹೋದ ಒತ್ತನ್ನು ಹಚ್ಚಿ, ದೀರ್ಘವಿಲ್ಲದೆ ಬಡವಾದ ಸ್ವರಕ್ಕೆ ದೀರ್ಘವಿತ್ತು ಮುಂದೆ ಮುಂದೆ ಸಾಗಿದಂತೆ, ಆ ಕೈಯು ತನಗೆ ಅರ್ಥವಾಗದ ವಾಕ್ಯವೊಂದು ಎದುರಾದಾಗಲೂ ಅದೇ ವೇಗದಿಂದ ಅದನ್ನು ಅರ್ಥವಾಗುವಂತೆ ಮಾಡಿಬಿಡುತ್ತದೆ. ಲೇಖಕನ ಅರ್ಥವೋ ತಿದ್ದಿದವನ ಅರ್ಥವೋ ಎಂಬ ವಿಚಾರವನ್ನು ಯಾರೂ ಎತ್ತುವುದಿಲ್ಲ, ಏಕೆಂದರೆ ತಿದ್ದಿದ ವಾಕ್ಯವು ನುಣುಪಾಗಿರುತ್ತದೆ.

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವರು ಗುಡಿಯ ಜೀರ್ಣೋದ್ಧಾರದ ನೆನಪಿಗೆಂದು ಸ್ಮರಣಸಂಚಿಕೆಯೊಂದನ್ನು ತರಲು ನಿಶ್ಚಯಿಸಿದಾಗ, ನಾಲ್ಕಕ್ಷರ ಬಲ್ಲವನೆಂಬ ಅಪವಾದಕ್ಕೆ ಗುರಿಯಾಗಿದ್ದ ನನ್ನ ಪಾಲಿಗೆ ಕರಡಚ್ಚಿನ ಭಾರವು ಬಂದಿತು. ನಿವೃತ್ತ ಮೇಷ್ಟ್ರೊಬ್ಬರು ಬರೆದ ಊರಿನ ಇತಿಹಾಸದ ನಡುವೆ ಈ ವಾಕ್ಯವು ಕುಳಿತಿತ್ತು: ‘ಗುಡಿಯ ಪೌಳಿಯನ್ನು ಹಿರಿಯ ಗೌಡರು ಕಟ್ಟಿಸಿ ಕಿರಿಯವರು ಬಿದ್ದ ಮೇಲೆ ದುರಸ್ತಿಯಾಯಿತು.’

ಇಂಥ ಸಂದರ್ಭದಲ್ಲಿ ಮೊದಲು ಮಾಡತಕ್ಕದ್ದು ಕರಡನ್ನು ಹಸ್ತಪ್ರತಿಯೊಡನೆ ಹೋಲಿಸಿ ನೋಡುವುದು. ಮೊಳೆ ಜೋಡಿಸುವವನ ಕಣ್ಣು ಒಂದು ಸಾಲಿನಲ್ಲಿರುವ ಪದದಿಂದ ಮುಂದಿನ ಸಾಲಿನ ಅದೇ ಪದಕ್ಕೆ ಜಿಗಿದು ನಡುವಣ ಮಾತನ್ನೆಲ್ಲ ನುಂಗಿಬಿಡುವುದು ಸಾಮಾನ್ಯ. ತಾಳೆಗರಿಯ ಲಿಪಿಕಾರರೂ ಹೀಗೆಯೇ ಎಷ್ಟೋ ಕಾವ್ಯಗಳ ಪಂಕ್ತಿಗಳನ್ನು ಕಳೆದಿದ್ದಾರೆ. ಆದರೆ ಮೇಷ್ಟ್ರ ಗುಂಡಗಿನ ಅಕ್ಷರದಲ್ಲಿಯೂ ವಾಕ್ಯವು ಹಾಗೆಯೇ ಇದ್ದಿತು. ಅಲ್ಲಿಗೆ ಅಚ್ಚುಮನೆಯವರು ನಿರ್ದೋಷಿಗಳಾದರು. ಎರಡನೆಯದಾಗಿ, ಆ ವಾಕ್ಯವನ್ನು ಸರಿಪಡಿಸಲು ಎಷ್ಟು ದಾರಿಗಳಿವೆಯೆಂದು ಎಣಿಸಬೇಕು. ದಾರಿಯು ಒಂದೇ ಆಗಿದ್ದರೆ ಸದ್ದಿಲ್ಲದೆ ತಿದ್ದಬಹುದು; ‘ದೇವಸ್ತಾನ’ವನ್ನು ‘ದೇವಸ್ಥಾನ’ವಾಗಿಸಲು ಯಾರ ಅಪ್ಪಣೆಯೂ ಬೇಡ. ಎರಡು ದಾರಿಗಳಿದ್ದು ಎರಡೂ ಯುಕ್ತವೆಂದು ತೋರಿದರೆ ಅಲ್ಲಿಗೆ ತಿದ್ದುವವನ ಅಧಿಕಾರವು ಮುಗಿಯಿತು. ‘ಬಿದ್ದ ಮೇಲೆ ಕಿರಿಯವರಿಂದ’ ಎಂದು ಪದಗಳನ್ನು ಅದಲುಬದಲು ಮಾಡಿ ‘ಇಂದ’ವನ್ನು ಸೇರಿಸಿದರೆ, ಬಿದ್ದ ಪೌಳಿಯನ್ನು ಕಿರಿಯ ಗೌಡರು ದುರಸ್ತಿ ಮಾಡಿಸಿದರೆಂದಾಗುತ್ತದೆ. ವಾಕ್ಯವನ್ನು ಇದ್ದಂತೆಯೇ ಓದಿದರೆ ಕಿರಿಯ ಗೌಡರು ಶಿಥಿಲವಾದ ಪೌಳಿಯ ಮೇಲಿಂದ ಬಿದ್ದರೆಂದೂ, ಅವರ ಸೊಂಟದ ಪುಣ್ಯದಿಂದ ಊರವರಿಗೆ ಎಚ್ಚರವಾಯಿತೆಂದೂ ಆಗುತ್ತದೆ. ಮೊದಲನೆಯದು ವ್ಯಾಕರಣಕ್ಕೆ ಹಿತ. ಆದರೆ ಗುಡಿಗೆ ಯಾರ ಮನೆತನದವರು ಏನು ಮಾಡಿದರೆಂಬ ವಿಷಯದಲ್ಲಿ ಎರಡು ಪಂಗಡಗಳುಳ್ಳ ಊರಿನಲ್ಲಿ, ಒಂದು ವಿಭಕ್ತಿಪ್ರತ್ಯಯದಿಂದ ಪೌಳಿಯ ಪುಣ್ಯವನ್ನೆಲ್ಲ ಒಂದು ಮನೆಗೆ ದಾನಮಾಡುವ ಹಕ್ಕು ನನಗೆಲ್ಲಿಯದು?

ಹರಿಹರೇಶ್ವರನ ಗುಡಿಯ ಶಾಸನಗಳ ನೆನಪು ನನಗೆ ಬಂದುದು ಆಗಲೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ದೇಗುಲದ ಕಲ್ಬರಹಗಳನ್ನು ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದಲ್ಲಿ ಸೇರಿಸಿದ್ದಾರೆ. ಶಾಸನಗಳನ್ನು ಅಚ್ಚಿಸುವವರಲ್ಲಿ ಒಂದು ಶಿಷ್ಟಾಚಾರವುಂಟು: ಕಲ್ಲು ಚಕ್ಕೆಯೆದ್ದು ಅಕ್ಷರವು ಅಳಿದ ಕಡೆ ಚುಕ್ಕೆಗಳನ್ನಿಟ್ಟು, ಅಕ್ಷರವು ಮಸುಕಾಗಿ ಕಂಡ ಕಡೆ ಕಂಸವನ್ನು ಹಾಕಿ, ಕಲ್ಲು ಹೇಳಿದ್ದೆಷ್ಟು ತಾವು ಹೇಳಿದ್ದೆಷ್ಟು ಎಂಬುದನ್ನು ಓದುವವನಿಗೆ ಬೇರೆಬೇರೆಯಾಗಿ ತೋರಿಸುವುದು. ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತದಲ್ಲಿ ಸುಕ್ಥಣ್‌ಕರರು ಇನ್ನೂ ಸೂಕ್ಷ್ಮವಾದ ಏರ್ಪಾಡನ್ನು ಮಾಡಿದರು. ನಿಶ್ಚಯವಿಲ್ಲದ ಪಾಠದ ಕೆಳಗೆ ಅಲೆಅಲೆಯಾದ ಗೆರೆ. ಯಾವ ಪ್ರತಿಯಲ್ಲಿಯೂ ಇಲ್ಲದೆ ಸಂಪಾದಕರೇ ಊಹಿಸಿ ತಿದ್ದಿದುದಕ್ಕೆ ನಕ್ಷತ್ರದ ಗುರುತು. ವ್ಯಾಸರನ್ನು ಕೇಳಿಬರಲು ಮಾರ್ಗವಿಲ್ಲದ್ದರಿಂದ ಅವರು ಗೆರೆಯನ್ನೆಳೆದರು. ನಮ್ಮ ಮೇಷ್ಟ್ರಾದರೋ ಎರಡು ಬೀದಿಯಾಚೆ ಜಗಲಿಯ ಮೇಲೆ ಅಡಕೆ ಕತ್ತರಿಸುತ್ತ ಜೀವಂತವಾಗಿಯೇ ಇದ್ದರು.

ಹಾಗಾದರೆ ಪ್ರಶ್ನೆಯನ್ನು ಬರೆಯುವ ಬಗೆ ಹೇಗೆ? ಅಂಚಿನಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟರೆ ಲೇಖಕನು ಅದನ್ನು ಕಾಗುಣಿತದ ಸಂಶಯವೆಂದು ಬಗೆದು, ಕಾಗುಣಿತವು ಸರಿಯಿರುವುದನ್ನು ಕಂಡು, ಚಿಹ್ನೆಯನ್ನು ಹೊಡೆದುಹಾಕುತ್ತಾನೆ. ‘ಅರ್ಥವಾಗಲಿಲ್ಲ’ ಎಂದು ಬರೆದರೆ ‘ಅದು ನಿನ್ನ ಹಣೆಬರಹ’ ಎನ್ನುತ್ತಾನೆ. ಮೂವತ್ತು ವರ್ಷ ಪಾಠ ಹೇಳಿದವರಂತೂ ಖಂಡಿತವಾಗಿ ಎನ್ನುತ್ತಾರೆ. ‘ಬಿದ್ದದ್ದು ಪೌಳಿಯೋ, ಕಿರಿಯವರೋ?’ ಎಂದು ಎರಡನ್ನೂ ಮುಂದಿಡೋಣವೆಂದರೆ, ಬೇಸತ್ತ ಲೇಖಕನು ಕೊಟ್ಟದ್ದರಲ್ಲಿ ಒಂದಕ್ಕೆ ಸರಿಗುರುತು ಹಾಕಿ ಕೈತೊಳೆದುಕೊಳ್ಳುವ ಅಪಾಯವಿದೆ. ಬಹಳ ವಿಚಾರಮಾಡಿ, ಇಡೀ ವಾಕ್ಯವನ್ನು ಬಿಟ್ಟು ‘ಕಿರಿಯವರು ಬಿದ್ದ’ ಎಂಬೆರಡು ಪದಗಳಿಗೆ ಮಾತ್ರ ಸೀಸದ ಕಡ್ಡಿಯಿಂದ ತೆಳ್ಳಗೆ ಗೆರೆಯೆಳೆದು, ಅಂಚಿನಲ್ಲಿ ಹೀಗೆ ಬರೆದೆನು: ‘ಇಲ್ಲಿ ಬಿದ್ದುದು ಏನು ಅಥವಾ ಯಾರು? ದುರಸ್ತಿ ಯಾರು ಮಾಡಿಸಿದರು?’ ಆಮೇಲೆ ಅದರ ಸುತ್ತ ಒಂದು ವೃತ್ತವನ್ನು ಎಳೆದೆನು.

ಆ ವೃತ್ತವು ಅಲಂಕಾರಕ್ಕಲ್ಲ. ಅಂಚಿನಲ್ಲಿ ಬರೆದುದೆಲ್ಲವೂ ಜೋಡಿಸತಕ್ಕ ಮಾತೆಂದು ಅಚ್ಚುಮನೆಯವರು ತಿಳಿಯುವರಾದ್ದರಿಂದ, ಜೋಡಿಸಬಾರದ್ದನ್ನು ಸುತ್ತುಹಾಕಿ ಬಂಧಿಸುವುದು ವಾಡಿಕೆ. ಒಂದೂರಿನ ಸನ್ಮಾನಪತ್ರದಲ್ಲಿ ಈ ವಾಡಿಕೆ ತಪ್ಪಿತ್ತು. ಅದರ ಕರಡನ್ನು ತಿದ್ದಿದವನು ಅಂಚಿನಲ್ಲಿ ತನಗಾಗಿ ಗುರುತು ಹಾಕಿಕೊಂಡಿದ್ದ ಎರಡು ಪದಗಳು ಬಂಗಾರದ ಮಸಿಯಲ್ಲಿ ಅಚ್ಚಾಗಿ, ‘ಊರಿನ ಹಿತಕ್ಕಾಗಿ ತಮ್ಮ ಸರ್ವಸ್ವವನ್ನೂ ಧಾರೆಯೆರೆದ ಇದು ನಿಜವೇ ಮಹಾನುಭಾವರು’ ಎಂದು ತುಂಬಿದ ಸಭೆಯಲ್ಲಿ ಓದಲ್ಪಟ್ಟಿತು. ಸನ್ಮಾನಿತರು ಮಂದಕಿವಿಯವರಾಗಿದ್ದರಿಂದ ನಗುತ್ತಲೇ ಕೈಮುಗಿದರಂತೆ.

ಮೇಷ್ಟ್ರು ಕರಡನ್ನು ಕಣ್ಣಿನ ಹತ್ತಿರ ಹಿಡಿದು ವೃತ್ತದೊಳಗಿನ ಪ್ರಶ್ನೆಯನ್ನು ಓದಿದರು. ಕನ್ನಡಕವನ್ನು ತೆಗೆದು ಪಂಚೆಯ ತುದಿಯಿಂದ ಒರಸಿ ಮತ್ತೆ ಓದಿದರು.

‘ಅಲ್ಲಪ್ಪಾ, ಇದ್ರಾಗ ತಿಳೀದೆ ಇರೋದೇನೈತಿ? ಕಿರೀ ಗೌಡ್ರು ಬಿದ್ರಲ್ಲ, ಚುನಾವಣ್ಯಾಗ!’

ನಾನು ಮೌನವಾಗಿ ಕುಳಿತೆನು. ಸಂಗತಿಯು ಹೀಗಿದ್ದಿತು: ಕಿರಿಯ ಗೌಡರು ಪಂಚಾಯಿತಿಯಲ್ಲಿ ಇರುವವರೆಗೆ ಪೌಳಿಗೆ ಸರ್ಕಾರದ ಹಣ ತರುತ್ತೇನೆಂದು ಊರವರ ಕೈಹಿಡಿದು ನಿಲ್ಲಿಸಿದ್ದರು; ಅವರು ಸೋತ ಮೇಲೆ ಆ ಆಸೆಯನ್ನು ಬಿಟ್ಟು ಜನರು ಮನೆಮನೆಗೆ ಪಟ್ಟಿ ಎತ್ತಿ ತಾವೇ ದುರಸ್ತಿ ಮಾಡಿಸಿದರು. ಪೌಳಿಯು ಬಿದ್ದಿರಲೇ ಇಲ್ಲ, ವಾಲಿತ್ತಷ್ಟೆ. ನಾನು ಎಣಿಸಿದ ಎರಡು ದಾರಿಗಳಲ್ಲಿ ಯಾವುದೂ ಆ ಊರಿಗೆ ಹೋಗುತ್ತಿರಲಿಲ್ಲ.

‘ಹಂಗಾದ್ರೆ ಚುನಾವಣೆ ಅಂತ ಸೇರಿಸಿಬಿಡ್ಲಾ ಮೇಷ್ಟ್ರೆ?’ ಎಂದೆನು.

‘ಬ್ಯಾಡಪ್ಪಾ. ಅಚ್ಚಾಗಿ ಬಂದ್ರೆ ಅವ್ರು ನೊಂದ್ಕೊಂತಾರ. ಇದ್ದಂಗ ಇರ್ಲಿ, ಊರಾಗಿನವ್ರಿಗೆ ತಿಳೀತೈತಿ.’

ಹೀಗೆ ಅಸ್ಪಷ್ಟತೆಯು ಲೇಖಕರ ಅಜಾಗರೂಕತೆಯಿಂದ ಹುಟ್ಟದೆ ಅವರ ದಾಕ್ಷಿಣ್ಯದಿಂದ ಹುಟ್ಟಿರಬಹುದೆಂಬ ಸಾಧ್ಯತೆಯು ಯಾವ ತಿದ್ದುಗುರುತುಗಳ ಪಟ್ಟಿಯಲ್ಲಿಯೂ ನನಗೆ ಕಂಡಿರಲಿಲ್ಲ. ಆದರೂ ಸಂಚಿಕೆಯು ಪರವೂರಿನ ಬೀಗರಿಗೂ ಹೋಗತಕ್ಕದ್ದೆಂದು ನಾನು ಪಟ್ಟುಹಿಡಿದಾಗ, ಮೇಷ್ಟ್ರು ನನ್ನ ಸೀಸದ ಕಡ್ಡಿಯನ್ನೇ ಇಸಿದುಕೊಂಡು ತಮ್ಮ ಕೈಯಾರೆ ತಿದ್ದಿಕೊಟ್ಟರು: ‘ಹಿರಿಯ ಗೌಡರು ಕಟ್ಟಿಸಿದ ಪೌಳಿಯು ಚುನಾವಣೆಯ ತರುವಾಯ ಊರವರಿಂದ ದುರಸ್ತಿಯಾಯಿತು.’ ಯಾರೂ ಬೀಳದ ಆ ವಾಕ್ಯವನ್ನು ಓದಿ ಸಮಾಧಾನದಿಂದ ಮಡಚಿಕೊಂಡು ಹೊರಟವನು ಮೆಟ್ಟಿಲಿಳಿಯುವಾಗ ಮತ್ತೊಮ್ಮೆ ಬಿಚ್ಚಿ ನೋಡಿ, ‘ಯಾವ ಚುನಾವಣೆ, ಎಂದು?’ ಎಂದು ಅಂಚಿನಲ್ಲಿ ಬರೆದು, ಸುತ್ತಲೂ ಗೆರೆಯೆಳೆದು, ಒಳಕ್ಕೆ ಹಿಂದಿರುಗಿದೆನು.