ಗೊಟಕ್ ಎಂದರು!

ಪಕ್ಕದ ಮನೆಯ ಮಿಕ್ಸಿ ‘ಗೊಟಕ್’ ಅನ್ನಬಹುದು, ಸ್ಕೂಟರಿನ ಬ್ಯಾಟರಿಯೂ ಅನ್ನಬಹುದು. ಸಾಲ ಕೊಟ್ಟು ಪ್ರಾಣ ತಿನ್ನುತ್ತಿದ್ದವನು ‘ನೆಗೆದುಬಿದ್ದು ನೆಲ್ಲಿಕಾಯಿ’ ಆಗಬಹುದು. ಆದರೆ ‘ನಮ್ಮ ಮಾವನವರು ಗೊಟಕ್ ಎಂದರು’ ಅನ್ನಿ ನೋಡೋಣ! ಆ ಬಹುವಚನದ ‘ಅರು’ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಕನ್ನಡದಲ್ಲಿ ಸಾವಿನ ತಮಾಷೆಗೆಲ್ಲ ಏಕವಚನವೇ ಗತಿ.

ಗೌರವದ ಸಾವಿಗೆ ವಿಳಾಸ ಬೇಕು. ಲಿಂಗಾಯತರು ಲಿಂಗೈಕ್ಯರಾಗುತ್ತಾರೆ, ವೈಷ್ಣವರು ವೈಕುಂಠವಾಸಿಗಳು, ಮಾಧ್ವ ಯತಿಗಳು ಬೃಂದಾವನಸ್ಥರು. ಯಾವ ಲೋಕವೆಂದು ಗೊತ್ತಾಗದಿದ್ದರೆ ‘ದೈವಾಧೀನ’ ಎಂದು ಬರೆದು ಫ್ಲೆಕ್ಸ್ ಅಂಗಡಿಗೆ ಕಳಿಸಿದರಾಯಿತು. ಫೋನಿನಲ್ಲಂತೂ ಅದೂ ಇಲ್ಲ. ‘ಸ್ವಲ್ಪ ಸೀರಿಯಸ್ಸು, ಬೇಗ ಹೊರಟು ಬಾ’ ಎಂದರೆ ಕೇಳಿದವರಿಗೆ ಎಲ್ಲವೂ ಅರ್ಥವಾಗಿರುತ್ತದೆ.

ಈ ಮಡಿಯನ್ನೆಲ್ಲ ಮುರಿಯುವ ಹಕ್ಕು ಹೋಗುವವರಿಗೆ ಮಾತ್ರ. ‘ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ’ ಎಂದು ಅಜ್ಜ ತಾನೇ ಹೇಳಿಕೊಂಡು ಬೊಚ್ಚು ಬಾಯಲ್ಲಿ ನಗಬಹುದು. ಮೊಮ್ಮಗ ‘ಯಾವಾಗ ಅಜ್ಜ?’ ಅಂದರೆ ಅಮ್ಮನ ಕೈಯ ಸೌಟು ಮಾತಾಡುತ್ತದೆ: ‘ಬಿಡ್ತು ಅನ್ನೋ!’ ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಅಂದರೂ ‘ಬರ್ತೀನಿ ಅನ್ನು’ ಎಂದು ತಿದ್ದುವ ಮನೆಯಲ್ಲವೇ ಅದು?

ಆದ್ದರಿಂದ ಸಾವಿನ ಮನೆಗೆ ಹೋದವರು ಬಾಯಿ ಮುಚ್ಚಿಕೊಂಡು ಕೂತಿರಿ. ಏಳುವಾಗಲೂ ಅಷ್ಟೇ, ಅಭ್ಯಾಸಬಲದಿಂದ ‘ಮತ್ತೆ ಬರ್ತೀವಿ’ ಅಂದುಬಿಟ್ಟೀರಿ!