ಪ್ಯಾಕೇಜ್ ಎಷ್ಟಪಾ?

ಮುಶಿಗೇರಿಯಲ್ಲಿ ಬಸ್ಸಿಳಿದರೆ ಮನೆ ಮುಟ್ಟುವುದರೊಳಗೆ ಎರಡು ಪ್ರಶ್ನೆ ದಾಟಬೇಕು. ಮೊದಲನೆಯದು, ‘ಯಾವಾಗ ಬಂದಿ?’ ಇದಕ್ಕೆ ಉತ್ತರ ಸುಲಭ. ಎರಡನೆಯದು, ‘ತಮ್ಮಾ, ನಿಂದಿನ್ನೂ ಸಾಲಿ ಮುಗೀಲಿಲ್ಲೇನು?’

ಧಾರವಾಡದಲ್ಲಿ ಪಿಎಚ್‌ಡಿ ಮಾಡುವುದೆಂದರೆ ಕಟ್ಟೆಯ ಹಿರಿಯರ ಲೆಕ್ಕದಲ್ಲಿ ಪದೇ ಪದೇ ನಪಾಸಾಗುವುದು. ನನ್ನ ಜೊತೆ ಗಜೇಂದ್ರಗಡದಲ್ಲಿ ಓದಿದ ಗೆಳೆಯ ಬೆಂಗಳೂರಿನಲ್ಲಿ ಕಂಪನಿ ಸೇರಿದ್ದಾನೆ. ಪ್ಯಾಕೇಜ್ ಆರು ಲಕ್ಷ. ಈ ಸುದ್ದಿ ಊರಿಗೆ ಅವನಿಗಿಂತ ಮೊದಲೇ ಬಂದಿತ್ತು. ಅವತ್ತಿನಿಂದ ನಮ್ಮವ್ವ ನನಗೆ ರೊಟ್ಟಿ ಬಡಿಸುವಾಗ ಸ್ವಲ್ಪ ಮರುಕವನ್ನೂ ಬಡಿಸುತ್ತಿದ್ದಳು.

ದೀಪಾವಳಿಗೆ ಬಂದ ಗೆಳೆಯನನ್ನೇ ಹಿಡಿದು ಕೂರಿಸಿ ಲೆಕ್ಕ ಹಾಕಿದೆ. ಆರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 50,000. ಅದರಲ್ಲಿ 5,000 ‘ಕೆಲಸ ನೋಡಿ ವರ್ಷದ ಕೊನೆಗೆ ಕೊಡೋಣ’ ಎಂಬ ಬಾಬತ್ತು. ಮೂಲವೇತನ 25,000. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ 3,000, ಗ್ರಾಚ್ಯುಟಿಗೆಂದು ಎತ್ತಿಡುವುದು 1,200. ಎರಡೂ ಪ್ಯಾಕೇಜಿನೊಳಗೇ ಸೇರಿವೆ. ಅವನ ಪಾಲಿನ ಪಿಎಫ್ ಮತ್ತೆ 3,000, ವೃತ್ತಿ ತೆರಿಗೆ 200. ಕೈಗೆ ಬರುವ ಪಗಾರ 37,600.

ನನ್ನ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000. ಅಂತರ ಆರುನೂರು ರೂಪಾಯಿ! ಇಷ್ಟಕ್ಕೇ ಅವ್ವ ಅಷ್ಟು ದಿನ ಮರುಗಿದ್ದಳು. ಅದೂ ಅವನು ಬೆಂಗಳೂರಿನ ಮನೆ ಬಾಡಿಗೆ ಕೊಡುವ ಮೊದಲು.

ನಾನು ಮೀಸೆ ತಿರುವುವಷ್ಟರಲ್ಲಿ ಗೆಳೆಯ ಬಾಯಿ ತೆಗೆದ. ‘ದೋಸ್ತ, ನಂದು ಒಂದನೇ ತಾರೀಖಿಗೆ ಬರ್ತೈತಿ. ನಿಂದು?’ ನನ್ನದು ಒಮ್ಮೊಮ್ಮೆ ಮೂರು ತಿಂಗಳು ಮಲಗಿ, ಆಮೇಲೆ ಒಟ್ಟಿಗೇ ಎದ್ದು ಬರುತ್ತದೆ. ಪಿಎಫ್ ಕಟ್ಟಿದ್ದಕ್ಕೆ ನಾನು ನಕ್ಕಿದ್ದೆ. ಕಂಪನಿಯದೂ ಸೇರಿ ಅವನ ಖಾತೆಯಲ್ಲಿ ತಿಂಗಳಿಗೆ 6,000 ಕೂಡುತ್ತಿದೆ, ನನ್ನದರಲ್ಲಿ ಸೊನ್ನೆ. ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಆದರೆ ನನಗೆ 42,000 ಸಿಗುತ್ತದೆ. ಆದರೆ ಎಲ್ಲ ಸೇರಿ ಐದು ವರ್ಷಕ್ಕೆ ಫೆಲೋಶಿಪ್ಪೇ ನಿಲ್ಲುತ್ತದೆ. ಅವನ ಪಗಾರ ಏರುತ್ತಲೇ ಇರುತ್ತದೆ. ಅಂದರೆ ನಾನು ಹೆದರಬೇಕಾದದ್ದು ಅವನ ಪ್ಯಾಕೇಜಿಗಲ್ಲ, ನನ್ನ ಪ್ರಬಂಧದ ಬಾಕಿ ಅಧ್ಯಾಯಗಳಿಗೆ.

ಈ ಮಾತು ಕೇಳುತ್ತಿದ್ದ ದೊಡ್ಡಪ್ಪ ತೀರ್ಪು ಕೊಟ್ಟ: ‘ಹೆಸರು ಎರಡು ತಿಂಗಳಿಗೆ ಬರ್ತೈತಿ, ಹಿಂಗಾರಿ ಜ್ವಾಳಕ್ಕ ನಾಲ್ಕು ತಿಂಗಳು ಬೇಕು. ಹೆಸರಿನ ರಾಶಿ ನೋಡಿ ಜ್ವಾಳ ಕಿತ್ತವರಿಲ್ಲ. ಆದರ ಐದು ತಿಂಗಳಾದರೂ ತೆನಿ ಕಾಣಲಿಲ್ಲಂದ್ರ ನಾನs ದನಾ ಬಿಡ್ತೀನಿ.’

ಆದ್ದರಿಂದ ತಡವಾಗಿ ಗಳಿಸುವ ದಾರಿ ಹಿಡಿದವರಿಗೆ ನನ್ನದೊಂದು ಮಾತು. ಯಾರಾದರೂ ಪ್ಯಾಕೇಜ್ ಹೇಳಿದರೆ ಕೈಗೆಷ್ಟು ಬರುತ್ತದೆ ಎಂದು ಕೇಳಿ. ನಿಮ್ಮನ್ನು ಕೇಳಿದರೆ, ಮುಗಿಯುವ ವರ್ಷ ಯಾವುದೆಂದು ಹೇಳಿ. ಹೇಳಲು ಬರದಿದ್ದರೆ ತಪ್ಪು ಗೆಳೆಯನ ಪಗಾರದ್ದಲ್ಲ.